ಕಬಡ್ಡಿ ಘೋಷಣೆ ನಾಲ್ಕನೇ ಸಾಲಿಗೇ ಚೆದುರಿ ಹೋಗುತ್ತಿದೆ, ಸರಿ ಮಾಡಲು ಸಹಾಯ ಬೇಕು

ಗ್ಯಾಲರಿ ಹುಡುಗ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯ ಒಂದು ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷ. ಇನ್ನು ಮೂರು ವಾರಕ್ಕೆ ಶಿವಮೊಗ್ಗದಲ್ಲಿ ಅಂತರ ಕಾಲೇಜು ಕಬಡ್ಡಿ ಇದೆ. ಎರಡು ಬಸ್ಸಿನಲ್ಲಿ ಸುಮಾರು 120 ಜನ ಹೋಗುತ್ತೇವೆ. ತಂಡದಲ್ಲಿ ನಾನಿಲ್ಲ. ಕೂಗಿಸುವ ಕೆಲಸ ನನ್ನದು. ಘೋಷಣೆ ಬರೆದಿದ್ದೇನೆ, ಶುರು ಹೀಗಿದೆ:

ಸಹ್ಯಾದ್ರಿಯ ಶಿಖರದಿಂದ ಇಳಿದು ಬಂದ ಹುಲಿಗಳು ನಾವು
ಎದುರಾಳಿಯ ಎದೆ ನಡುಗಿಸಿ ಗೆಲುವನು ತರುವ ಕಲಿಗಳು ನಾವು

ಇದೇ ಥರ ಇನ್ನೂ ಆರು ಸಾಲಿದೆ. ಓದಿದರೆ ಚೆನ್ನಾಗಿದೆ ಅಂತ ಎಲ್ಲರೂ ಹೇಳಿದರು. ನಿನ್ನೆ ಮೈದಾನದಲ್ಲಿ 60 ಜನರನ್ನು ನಿಲ್ಲಿಸಿ ಕೂಗಿಸಿದೆ. ಎರಡು ಸಾಲು ಸರಿ ಬಂತು. ಮೂರನೇ ಸಾಲಿಗೆ ಮುಂದಿನವರು ಮುಗಿಸುವಾಗ ಹಿಂದಿನವರು ಇನ್ನೂ ಅರ್ಧದಲ್ಲಿದ್ದರು. ನಾಲ್ಕನೇ ಸಾಲಿಗೆ ಉಸಿರೇ ನಿಂತು ಹೋಯಿತು. ಬರೀ ಗದ್ದಲ. ನಮ್ಮ ಕ್ಯಾಪ್ಟನ್ ಕೇಳಿದ್ದು ಇಷ್ಟೇ: ಸಣ್ಣ ಸಣ್ಣ ಸಾಲು ಇರಬೇಕು, ಶುರುವಿನಿಂದ ಕೊನೆಗೆ ಏರುತ್ತಾ ಹೋಗಬೇಕು. ಆ ಏರು ಹೇಗೆ ಬರುತ್ತೆ ಅಂತ ನನಗೆ ಗೊತ್ತಾಗುತ್ತಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಭದ್ರಾವತಿ ರೈಡರ್ · ಸೋಮವಾರ ರಾತ್ರಿ 10:05

ಉಸಿರು ನಿಲ್ಲೋದಕ್ಕೆ ಅಭ್ಯಾಸ ಒಂದೇ ದಾರಿ ತಮ್ಮ. ನಾನು ದಿನಾ ಬೆಳಿಗ್ಗೆ ಓಡಿ ಬಂದ ಮೇಲೆ, ಏದುಸಿರು ಬರುತ್ತಿರುವಾಗಲೇ ನಿಂತು ಕಬಡ್ಡಿ ಕಬಡ್ಡಿ ಅಂತ ಒಂದೇ ಉಸಿರಲ್ಲಿ ಹೇಳುತ್ತೇನೆ. ಕುಳಿತು ಹೇಳಿದರೆ 40 ಸೆಕೆಂಡ್ ಕೂಡ ಬರುತ್ತೆ. ಆದರೆ ಕೋರ್ಟಿನಲ್ಲಿ ಹಿಂದೆ ಮುಂದೆ ಓಡುತ್ತಾ 30 ಸೆಕೆಂಡ್ ತೆಗೆಯೋದು ಬೇರೆಯೇ. ಹಲ್ಲು ಕಚ್ಚಿ ಹೇಳಬೇಡ. ತುಟಿ ಸಡಿಲ ಬಿಟ್ಟು ಸಣ್ಣಗೆ ಹೇಳು, ಗಾಳಿ ಕಡಿಮೆ ಖರ್ಚಾಗುತ್ತೆ.

ಗ್ಯಾಲರಿ ಹುಡುಗ · ಸೋಮವಾರ ರಾತ್ರಿ 10:12

ಅಣ್ಣ, ನಾನು ಕೇಳಿದ್ದು ರೈಡರ್ ಹೇಳುವ ಕಬಡ್ಡಿ ಕಬಡ್ಡಿ ಅಲ್ಲ. ಗ್ಯಾಲರಿಯಲ್ಲಿ ನಾವು ಕೂಗುವ ಘೋಷಣೆ. ಆದರೂ ಇದನ್ನು ನಮ್ಮ ರೈಡರಿಗೆ ಕಳಿಸುತ್ತೇನೆ.

ಭದ್ರಾವತಿ ರೈಡರ್ · ಸೋಮವಾರ ರಾತ್ರಿ 10:20

ಓ, ತಪ್ಪು ಓದಿಕೊಂಡೆ. ಹಾಗಾದರೆ ರೈಡರ್ ಕಡೆಯಿಂದ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಹುಡುಗ ರೈಡಿಗೆ ಹೋದಾಗ ಬಾಯಿ ಮುಚ್ಚಿಕೊಂಡಿರಿ. ಅವನು ಹೇಳೋ ಕಬಡ್ಡಿ ಅಂಪೈರ್ ಕಿವಿಗೆ ಬೀಳಬೇಕು. ಬೀಳದಿದ್ದರೆ ವಾಪಸ್ ಕಳಿಸುತ್ತಾರೆ, ಎದುರಿನವರಿಗೆ ಅಂಕ ಹೋಗುತ್ತೆ. ನನಗೆ ಒಂದು ಸಲ ಹೀಗಾಗಿದೆ. ನಾನು ಹೇಳುತ್ತಲೇ ಇದ್ದೆ. ತಗಡಿನ ಶೆಡ್ಡು, ಮೇಲಿಂದ ನಮ್ಮವರದೇ ಕೂಗು. ಅಂಪೈರಿಗೆ ಕೇಳಿಸಲಿಲ್ಲ. ಆ ಒಂದು ಅಂಕ ಇವತ್ತಿಗೂ ಮರೆತಿಲ್ಲ.

ಬೀಟ್ ಬಾಸ್ · ಸೋಮವಾರ ರಾತ್ರಿ 10:48

ಏರು ಅಂದರೆ ವೇಗ, ಬೇರೆ ಏನೂ ಇಲ್ಲ. ನಿಧಾನಕ್ಕೆ ಶುರು ಮಾಡಿ, ಪ್ರತಿ ಸಾಲಿಗೂ ಸ್ವಲ್ಪ ಸ್ವಲ್ಪ ಸ್ಪೀಡ್ ಮಾಡಿ, ಕೊನೆಗೆ ಫುಲ್ ಸ್ಪೀಡ್. ನಮ್ಮ ಹಾಸ್ಟೆಲಲ್ಲಿ ಹತ್ತು ಜನ ಮೇಜು ಬಡಿದು ಮಾಡುತ್ತಿದ್ದೆವು, ಸಖತ್ ಬರುತ್ತಿತ್ತು. ಎಲ್ಲಾ ಸಾಲಿನಲ್ಲೂ ಅಕ್ಷರ ಒಂದೇ ಲೆಕ್ಕ ಇರಲಿ, ಅಷ್ಟೇ.

ಸಾಗರದ ಡೊಳ್ಳು · ಮಂಗಳವಾರ ಬೆಳಿಗ್ಗೆ 6:30

ಹತ್ತು ಜನಕ್ಕೆ ಅದು ಬರುತ್ತೆ, ಬೀಟ್ ಬಾಸ್. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಲ್ಲ. 120 ಜನಕ್ಕೆ ಬರುವುದಿಲ್ಲ. ನಾನು ಹದಿನೈದು ವರ್ಷದಿಂದ ಡೊಳ್ಳಿನ ತಂಡದಲ್ಲಿದ್ದೇನೆ, ಈ ಪೆಟ್ಟು ನಾವೂ ತಿಂದಿದ್ದೇವೆ.

ಕಾರಣ ಸುಲಭ. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ನಿಮ್ಮ 120 ಜನ ಮೆಟ್ಟಿಲ ಮೇಲೆ ಉದ್ದಕ್ಕೆ 34 ಮೀಟರ್ ಹರಡಿ ಕೂತರು ಅಂದುಕೊಳ್ಳಿ. ಕೂಗಿಸುವವನು ಒಂದು ತುದಿಯಲ್ಲಿದ್ದರೆ ಇನ್ನೊಂದು ತುದಿಗೆ ಅವನ ಸದ್ದು 0.1 ಸೆಕೆಂಡ್ ತಡವಾಗಿ ಮುಟ್ಟುತ್ತೆ. ನಿಧಾನದ ಚಪ್ಪಾಳೆಯಲ್ಲಿ ಇದು ಗೊತ್ತಾಗುವುದಿಲ್ಲ. ನಿಮಿಷಕ್ಕೆ 90 ಚಪ್ಪಾಳೆ ಅಂದರೆ ಎರಡು ಚಪ್ಪಾಳೆ ನಡುವೆ 0.67 ಸೆಕೆಂಡ್ ಇರುತ್ತೆ. ಅದನ್ನೇ 180ಕ್ಕೆ ಏರಿಸಿದರೆ ನಡುವೆ 0.33 ಸೆಕೆಂಡ್ ಮಾತ್ರ. ಅದರಲ್ಲಿ ಮೂರನೇ ಒಂದು ಭಾಗ ತಡವೇ ನುಂಗಿತು. ಆಗ ಕೋರ್ಟಿನಲ್ಲಿ ನಿಂತವರಿಗೆ ಮಾತು ಕೇಳಿಸುವುದಿಲ್ಲ, ಜೇನುಗೂಡಿನ ಸದ್ದು ಕೇಳಿಸುತ್ತೆ.

ಅದಕ್ಕೆ ಮೊದಲನೇ ಕೆಲಸ, ಕೂಗಿಸುವವನು ನಡುವಿಗೆ ಬರಬೇಕು. ಜನಕ್ಕೆ ಮುಖ ಮಾಡಿ, ಕೈ ತಲೆಗಿಂತ ಮೇಲೆ ಎತ್ತಿ ಹೊಡೆಯಬೇಕು. ಕಿವಿಗಿಂತ ಮೊದಲು ಕಣ್ಣು ಹಿಡಿಯುತ್ತೆ.

ಎರಡನೇದು, ನಡೆಯ ವೇಗ ಏರಿಸಲೇಬೇಡಿ. ಡೊಳ್ಳಿನಲ್ಲಿ ಕುಣಿತ ಏರಿತು ಅಂತ ನೋಡುವವರಿಗೆ ಅನಿಸುವಾಗ ಎಷ್ಟೋ ಸಲ ಹೆಜ್ಜೆ ಅದೇ ವೇಗದಲ್ಲಿರುತ್ತೆ. ನಡುವಿನ ಖಾಲಿ ಜಾಗಕ್ಕೆ ಪೆಟ್ಟು ತುಂಬುತ್ತಾ ಹೋಗುತ್ತೇವೆ, ಅಷ್ಟೇ. ಮೊದಲು ಎರಡು ಹೆಜ್ಜೆಗೆ ಒಂದು ಪೆಟ್ಟು. ಆಮೇಲೆ ಹೆಜ್ಜೆಗೊಂದು. ಆಮೇಲೆ ಹೆಜ್ಜೆಗೆರಡು. ನಿಮ್ಮ ಘೋಷಣೆಗೂ ಇದನ್ನೇ ಮಾಡಿ. ಚಪ್ಪಾಳೆ ಶುರುವಿನಿಂದ ಕೊನೆತನಕ ನಿಮಿಷಕ್ಕೆ 90 ಇರಲಿ, ಮಾತು ಹತ್ತಿರ ಹತ್ತಿರ ಬರಲಿ.

ಶಂಕರಘಟ್ಟ ಕನ್ನಡ ಎಂ.ಎ. · ಮಂಗಳವಾರ ಬೆಳಿಗ್ಗೆ 8:15

ಡೊಳ್ಳಿನ ಅಣ್ಣ ಹೇಳಿದ್ದಕ್ಕೆ ಮಾತಿನ ಕಡೆಯಿಂದ ಸೇರಿಸುತ್ತೇನೆ. ಹೈಸ್ಕೂಲಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಲ್ಲ? ಲಘುವಿಗೆ ಒಂದು, ಗುರುವಿಗೆ ಎರಡು. ನಿಮ್ಮ ಮೊದಲ ಸಾಲಿಗೆ ಹಾಕಿ ನೋಡಿದೆ, 25 ಮಾತ್ರೆ ಬಂತು. ಎರಡನೇ ಸಾಲು 26. ಚಪ್ಪಾಳೆಗೆ ಮೂರು ಮಾತ್ರೆಯಂತೆ ನಿಮಿಷಕ್ಕೆ 90ರ ನಡೆಯಲ್ಲಿ ಒಂದು ಸಾಲಿಗೇ ಐದೂವರೆ ಸೆಕೆಂಡ್ ಬೇಕು. ಗಂಟಲು ಹರಿಯುವಂತೆ ಕೂಗುವಾಗ ಅಷ್ಟು ಹೊತ್ತು ಉಸಿರು ಹಿಡಿಯುವುದು ಕಷ್ಟ. ಒಬ್ಬೊಬ್ಬರು ಒಂದೊಂದು ಕಡೆ ಉಸಿರು ತೆಗೆದುಕೊಳ್ಳುತ್ತಾರೆ. ಚೆದುರುವುದು ಅಲ್ಲಿಂದಲೇ ಶುರು.

ಬೀಟ್ ಬಾಸ್ ಲೆಕ್ಕ ಒಂದೇ ಇರಲಿ ಅಂದದ್ದು ಅರ್ಧ ಸರಿ. ಎಣಿಸಬೇಕಾದದ್ದು ಅಕ್ಷರ ಅಲ್ಲ, ಮಾತ್ರೆ. 'ಬರಲಿ' ಮೂರು ಅಕ್ಷರ, 'ಬಂದ' ಎರಡು ಅಕ್ಷರ. ಆದರೆ ಬಾಯಲ್ಲಿ ಎರಡೂ ಮೂರು ಮಾತ್ರೆ, ಒಂದೇ ಹೊತ್ತು ಹಿಡಿಯುತ್ತೆ. ಇನ್ನೊಂದು, ಸುಮ್ಮನಿರುವ ಜಾಗವನ್ನೂ ಎಣಿಸಬೇಕು. ಕೂಗುವವರು ಉಸಿರು ತೆಗೆದುಕೊಳ್ಳುವುದೇ ಅಲ್ಲಿ.

ನನ್ನ ಸಲಹೆ ಮೂರು ಮಾತ್ರೆಯ ಗಣ, ಉತ್ಸಾಹ ರಗಳೆಯ ನಡೆ. ಓಟಕ್ಕೆ, ಕುಣಿತಕ್ಕೆ ಅದು ತಾನಾಗಿ ಕೂಡುತ್ತೆ. ಒಂದು ಚಪ್ಪಾಳೆಗೆ ಒಂದು ಗಣ. ಸಾಲಿಗೆ ಎರಡೇ ಗಣ.

ಇನ್ನು ಕೊನೆಯ ಅಕ್ಷರ. ಕನ್ನಡದ ಮಾತು ಸ್ವರದಲ್ಲಿ ಮುಗಿಯುತ್ತೆ, ಅದು ಕೂಗುವವರ ಭಾಗ್ಯ. ಆದರೆ ಎಲ್ಲಾ ಸ್ವರವೂ ದೂರ ಹೋಗುವುದಿಲ್ಲ. 'ನಾವು' ಅಂತ ಕೂಗಿ ನೋಡಿ, ಕೊನೆಯ ಉಕಾರಕ್ಕೆ ತುಟಿ ಮುಚ್ಚಿಕೊಳ್ಳುತ್ತೆ, ಸದ್ದು ಬಾಯಲ್ಲೇ ಉಳಿಯುತ್ತೆ. 'ಬಾ' ಅಂತ ಕೂಗಿ, ದವಡೆ ಪೂರಾ ತೆರೆಯುತ್ತೆ. ಎಲ್ಲರೂ ಸೇರಿ ಹೇಳುವ ಸಾಲು ಆ, ಐ, ಓ ಇಂಥದರಲ್ಲಿ ಮುಗಿಯಲಿ. ಒಬ್ಬನೇ ಹೇಳುವ ಸಾಲು ಹೇಗೆ ಮುಗಿದರೂ ನಡೆಯುತ್ತೆ.

ಬಸ್ಸಲ್ಲಿ ಬರುವಾಗ ಇದೊಂದು ಬರೆದೆ. ತಂಡ ಕೋರ್ಟಿಗೆ ಇಳಿಯುವಾಗ ಹೇಳಬಹುದು. ಎಡಗಡೆ ಒಬ್ಬ, ಬಲಗಡೆ ಎಲ್ಲರೂ:

ತುಂಗೆ ನೀರು — ಕುಡಿದ ಮೈ!
ಮಳೆಯ ಹೊಡೆತ — ತಿಂದ ಮೈ!
ಕೆಂಪು ಮಣ್ಣು — ಹೊತ್ತ ಮೈ!
ಬಿದ್ದು ಎದ್ದು — ನಿಂತ ಮೈ!

'ಮೈ' ಎರಡು ಮಾತ್ರೆ, ಆಮೇಲೆ ಒಂದು ಮಾತ್ರೆ ಮೌನ. ಆ ಮೌನದಲ್ಲಿ ಕಾಲು ನೆಲಕ್ಕೆ ಬಡಿಯಬಹುದು.

ಗ್ಯಾಲರಿ ಹುಡುಗ · ಮಂಗಳವಾರ ಮಧ್ಯಾಹ್ನ 1:30

ಅಕ್ಕ, ಕ್ಯಾಂಟೀನಿನಲ್ಲಿ ಎಂಟು ಜನ ಕೂಗಿ ನೋಡಿದೆವು. ಮೈ ಝುಂ ಅಂತು. ನನ್ನ ಸಹ್ಯಾದ್ರಿ ಸಾಲು ಬಿಡುತ್ತೇನೆ. ಬೇಜಾರಾಯಿತು, ಎರಡು ರಾತ್ರಿ ಕೂತು ಬರೆದದ್ದು. ಆದರೆ ಇದು ಬಾಯಿಗೆ ಬರುತ್ತೆ.

ಈಗ ಒಂದು ಪ್ರಶ್ನೆ. ಆಟ ನಡೆಯುವಾಗ ಹೇಳುವ ಘೋಷಣೆ, ಅದೇ ಏರುವುದು, ಅದನ್ನು ಯಾವಾಗ ಹೇಳಬೇಕು? ನಮ್ಮ ರೈಡಿನಲ್ಲಿ ಸುಮ್ಮನಿರಿ ಅಂತ ಭದ್ರಾವತಿ ಅಣ್ಣ ಹೇಳಿದರು.

ನಿವೃತ್ತ ಪಿ.ಟಿ. ಮೇಷ್ಟ್ರು · ಮಂಗಳವಾರ ಸಂಜೆ 5:10

ಮಗು, ಎದುರಿನವರ ರೈಡಿನಲ್ಲಿ ಹೇಳು. ನಿನ್ನ ಹುಡುಗರು ಏಳು ಜನ ಕಾಯುತ್ತಾ ನಿಂತಿರುತ್ತಾರೆ, ಬಂದವನು ಒಬ್ಬ. ಗ್ಯಾಲರಿಯ ಬಲ ಆಗಲೇ ಬೇಕಾಗುವುದು. ಎರಡು ರೈಡಿನ ನಡುವೆ ಹೇಳೋಣ ಅಂದರೆ ಜಾಗವೇ ಇಲ್ಲ. ಒಂದು ರೈಡ್ ಮುಗಿದ ಮೇಲೆ ಇನ್ನೊಂದು ಕಡೆಯವರು 5 ಸೆಕೆಂಡಿನೊಳಗೆ ರೈಡರನ್ನು ಕಳಿಸಬೇಕು. ಅಷ್ಟರಲ್ಲಿ ಎರಡು ಸಣ್ಣ ಸಾಲು ಹಿಡಿಸುತ್ತೆ.

ಆದರೆ ನೀನು ಏರು ಅಂತ 30 ಸೆಕೆಂಡಿಗೆ ಅಳೆದು ಬರೆದರೆ ಮೋಸ ಹೋಗುತ್ತೀಯ. ಎಷ್ಟೋ ರೈಡ್ ಪೂರ್ತಿ 30 ಸೆಕೆಂಡ್ ನಡೆಯುವುದಿಲ್ಲ. ರೈಡರ್ ಬರುತ್ತಾನೆ, ಬಾಕ್ ಲೈನ್ ದಾಟುತ್ತಾನೆ, ಒಂದು ಕಾಲು ಚಾಚಿ ನೋಡುತ್ತಾನೆ, ವಾಪಸ್ ಹೋಗುತ್ತಾನೆ. ನಿನ್ನ ಘೋಷಣೆ ಇನ್ನೂ ಎರಡನೇ ಮೆಟ್ಟಿಲಲ್ಲಿರುತ್ತೆ, ಅವನು ಮನೆ ಸೇರಿರುತ್ತಾನೆ. ಆಮೇಲೆ ನಿಮ್ಮ ಹುಡುಗ ರೈಡಿಗೆ ಹೊರಟಾಗ ಗ್ಯಾಲರಿ ಜೋರಾಗಿ ಕಿರುಚುತ್ತಿರುತ್ತೆ. ಬೇಡದ ಹೊತ್ತಿಗೆ ಏರು ಬಂತು.

ಪೂರ್ತಿ ಏರಿಗೆ ಸರಿಯಾದ ಜಾಗ ಥರ್ಡ್ ರೈಡ್. ಈಗಿನವರು ಡೂ ಆರ್ ಡೈ ಅನ್ನುತ್ತಾರೆ. ಸತತ ಎರಡು ರೈಡ್ ಖಾಲಿ ಹೋದರೆ ಮೂರನೇದರಲ್ಲಿ ರೈಡರ್ ಅಂಕ ತರಲೇಬೇಕು, ಇಲ್ಲದಿದ್ದರೆ ಔಟ್. ಅವನು ಬೇಗ ವಾಪಸ್ ಹೋಗಲಾರ. ಬೋನಸ್ ನೋಡುತ್ತಾನೆ, ಟಚ್ ನೋಡುತ್ತಾನೆ, ಹೊತ್ತು ತಳ್ಳುತ್ತಾನೆ. ಕೊನೆಯ ಹತ್ತು ಸೆಕೆಂಡಿನಲ್ಲಿ ನುಗ್ಗಲೇಬೇಕು. ನಿನ್ನ ಘೋಷಣೆಯ ಏರು, ಅವನ ಆತುರದ ಏರು ಎರಡೂ ಒಟ್ಟಿಗೆ ಬರುತ್ತೆ. ನಿಮ್ಮ ಟೂರ್ನಿಯಲ್ಲಿ ಆ ನಿಯಮ ಇದೆಯೋ ಇಲ್ಲವೋ ಮೊದಲು ಕೇಳಿಕೋ.

ಉಳಿದ ರೈಡಿಗೆ ಮೊದಲನೇ ಹಂತ ಮಾತ್ರ ಸಾಕು.

ಬೀಟ್ ಬಾಸ್ · ಮಂಗಳವಾರ ಸಂಜೆ 6:02

ಸಾರ್, ರೈಡ್ ನಡೆಯುವಾಗ ಹೊರಗಿನಿಂದ ಹೇಳಿಕೊಟ್ಟರೆ ಎದುರಿನವರಿಗೆ ಅಂಕ ಕೊಡುತ್ತಾರೆ ಅಲ್ವಾ? ಹಾಗಾದರೆ ಗ್ಯಾಲರಿ ಕೂಗೋದೇ ತಪ್ಪಾಗುತ್ತೆ.

ನಿವೃತ್ತ ಪಿ.ಟಿ. ಮೇಷ್ಟ್ರು · ಮಂಗಳವಾರ ಸಂಜೆ 6:25

ಅರ್ಧ ಸರಿ ಹೇಳಿದಿರಿ. ಆ ನಿಯಮ ಇರುವುದು ರೈಡರಿಗೆ ಅವನದೇ ತಂಡದವರು ಎಚ್ಚರಿಕೆ ಕೊಡುವುದಕ್ಕೆ, ಹೀಗೆ ಮಾಡು ಅಂತ ಹೇಳಿಕೊಡುವುದಕ್ಕೆ. ಕಾಲೇಜಿನ ಪ್ರೇಕ್ಷಕರು ತಂಡದವರಲ್ಲ. ಆದರೆ ಒಂದು ಎಚ್ಚರ. ಹೊರಗೆ ಕೂತ ಆಟಗಾರರು ನಿಮ್ಮ ಜೊತೆ ಸೇರಿ ಕೂಗಬಾರದು. ನಮ್ಮ ಕಡೆ ಸಣ್ಣ ಟೂರ್ನಿಗಳಲ್ಲಿ ಬೆಂಚು, ಗ್ಯಾಲರಿ ಎರಡೂ ಅಂಟಿಕೊಂಡೇ ಇರುತ್ತೆ. ರೆಫ್ರಿಗೆ ಯಾರು ಕೂಗಿದ್ದು ಅಂತ ಗೊತ್ತಾಗುವುದಿಲ್ಲ. ಬೆಂಚಿನಿಂದ ದೂರ ಕೂತುಕೊಳ್ಳಿ.

ಸೀಟಿಯನ್ನು ಮಾತ್ರ ಯಾರೂ ಊದಬಾರದು. ಬಾಯಲ್ಲೂ ಬೇಡ. ಸದ್ದು ಕೇಳಿ ಆಟ ನಿಂತಿತು ಅಂದುಕೊಂಡು ಕಾರ್ನರಿನ ಹುಡುಗ ಕೈ ಸಡಿಲಿಸುತ್ತಾನೆ. ಹಿಡಿದ ರೈಡರ್ ಜಾರಿ ಗೆರೆ ಮುಟ್ಟುತ್ತಾನೆ. ಇಂಥದ್ದು ನಾನೇ ಕಣ್ಣಾರೆ ನೋಡಿದ್ದೇನೆ.

ಹೊಸನಗರದ ಕವರ್ · ಮಂಗಳವಾರ ರಾತ್ರಿ 9:15

ನಾನು ಹುಡುಗಿಯರ ತಂಡದಲ್ಲಿ ಬಲ ಕವರ್ ಆಡುತ್ತೇನೆ. ಮೇಷ್ಟ್ರು ಹೇಳಿದ್ದು ಒಪ್ಪುತ್ತೇನೆ, ಆದರೆ ಒಂದು ಕಡೆ ನನಗೆ ಸಮಾಧಾನ ಇಲ್ಲ. ಕಳೆದ ವರ್ಷ ನಮ್ಮ ಕಾಲೇಜಿನವರು ಎದುರಿನವರ ರೈಡಿನಲ್ಲೇ ಕೂಗುತ್ತಿದ್ದರು. ನಮ್ಮ ಕಾರ್ನರ್ ಅಕ್ಕ 'ಈಗ' ಅಂದಾಗ ನಾನು ಮುಂದೆ ನುಗ್ಗಬೇಕು. ಅವಳು ಹೋಗಿ ಕಾಲು ಹಿಡಿದಳು. 'ಈಗ' ನನಗೆ ಕೇಳಿಸಲೇ ಇಲ್ಲ. ನಾನು ಅರ್ಧ ಹೆಜ್ಜೆ ತಡ. ರೈಡರ್ ಅವಳನ್ನೇ ಎಳೆದುಕೊಂಡು ಗೆರೆ ಮುಟ್ಟಿದಳು. ಬಿಡುವಿನಲ್ಲಿ ನಾವೇ ಹೋಗಿ ದಯವಿಟ್ಟು ಸುಮ್ಮನಿರಿ ಅಂತ ಕೈ ಮುಗಿದೆವು.

ನಿವೃತ್ತ ಪಿ.ಟಿ. ಮೇಷ್ಟ್ರು · ಮಂಗಳವಾರ ರಾತ್ರಿ 9:50

ಅಮ್ಮಾ, ಕೈ ಕೈ ಹಿಡಿದು ಚೈನ್ ಕಟ್ಟಿದಾಗ ಮಾತು ಯಾಕೆ ಬೇಕು? ಕೈ ಒತ್ತಿದರೆ ಗೊತ್ತಾಗಬೇಕು. ನಾನು ನನ್ನ ಮಕ್ಕಳಿಗೆ ಹಾಗೇ ಕಲಿಸಿದೆ.

ಹೊಸನಗರದ ಕವರ್ · ಮಂಗಳವಾರ ರಾತ್ರಿ 10:04

ಚೈನ್ ಕಟ್ಟಿದಾಗ ಹೌದು ಸಾರ್. ಕಾರ್ನರ್ ಒಬ್ಬಳೇ ಬಿಟ್ಟು ಹೋದಾಗ ಕೈ ಎಲ್ಲಿರುತ್ತೆ? ಆಗ ಕಿವಿಯೇ ಬೇಕು. ಮೂರೇ ಜನ ಉಳಿದಾಗ ಅಂತೂ, ಹಿಡಿದರೆ ಸೂಪರ್ ಟ್ಯಾಕಲ್ ಅಂಕ ಬರುತ್ತಲ್ಲ, ಆಗ ಒಬ್ಬರಿಂದೊಬ್ಬರು ಮೀಟರುಗಟ್ಟಲೆ ದೂರ ನಿಂತಿರುತ್ತೇವೆ.

ಸಾಗರದ ಡೊಳ್ಳು · ಬುಧವಾರ ಬೆಳಿಗ್ಗೆ 6:15

ಈ ತಂಗಿ ಹೇಳಿದ್ದು ನನಗೆ ಸರಿ ಅನಿಸುತ್ತೆ. ಎದುರಿನವರು ಬಂದಾಗ ಏಳು, ಆರು, ಐದು ಜನ ಇದ್ದರೆ ಕೂಗಿ. ಮೂರಕ್ಕೆ ಇಳಿದರೆ ಚಪ್ಪಾಳೆ ಮಾತ್ರ, ಅದೂ ಒಂದೇ ನಡೆಯಲ್ಲಿ. ತುಂಬಿದ ಗ್ಯಾಲರಿ ಮಾತಿಲ್ಲದೆ ಬರೀ ಚಪ್ಪಾಳೆ ಹೊಡೆದರೆ ರೈಡರಿಗೆ ಅದೇ ಹೆಚ್ಚು ಭಾರ.

ಶಂಕರಘಟ್ಟ ಕನ್ನಡ ಎಂ.ಎ. · ಬುಧವಾರ ಸಂಜೆ 4:40

ಎಲ್ಲರ ಮಾತು ಇಟ್ಟುಕೊಂಡು ಥರ್ಡ್ ರೈಡಿಗೆ ಒಂದು ಪೂರ್ತಿ ಕಟ್ಟಿದ್ದೇನೆ. ನಿಮಿಷಕ್ಕೆ 90 ಚಪ್ಪಾಳೆ ಅಂದರೆ 30 ಸೆಕೆಂಡಿಗೆ 45 ಚಪ್ಪಾಳೆ. ಅದನ್ನು 16, 16, 13 ಅಂತ ಮೂರು ಪಾಲು ಮಾಡಿದೆ.

ಮೊದಲ ಪಾಲು. ಒಬ್ಬ ಎರಡು ಚಪ್ಪಾಳೆ ಹೇಳಿದರೆ ಎಲ್ಲರೂ ಎರಡು ಚಪ್ಪಾಳೆಯ ಉತ್ತರ:

ಬಂದ ಬಂದ — ಬರಲಿ ಬಾ!
ಎಡಕೆ ಹೋದ — ಬರಲಿ ಬಾ!
ಬಲಕೆ ಹೋದ — ಬರಲಿ ಬಾ!
ಗೆರೆಯ ದಾಟ್ದ — ಬರಲಿ ಬಾ!

ಎರಡನೇ ಪಾಲು. ಸರದಿ ಅರ್ಧಕ್ಕೆ ಇಳಿಯುತ್ತೆ. ಅವನದೊಂದು ಚಪ್ಪಾಳೆ, ನಮ್ಮದೊಂದು. ಇದನ್ನು ಎರಡು ಸಲ ಹೇಳಬೇಕು:

ಕಾಲು — ಹಿಡಿ!
ತೊಡೆಯ — ಹಿಡಿ!
ಸೊಂಟ — ಹಿಡಿ!
ಸುತ್ತ — ತಡಿ!

ಮೂರನೇ ಪಾಲು. ಈಗ ಕೇಳುವವನೂ ಇಲ್ಲ, ಉತ್ತರವೂ ಇಲ್ಲ. ಎಲ್ಲರೂ ಪ್ರತಿ ಚಪ್ಪಾಳೆಗೂ 'ಹಿಡಿ!', ಎರಡು ಚಪ್ಪಾಳೆ ನಡುವೆ ಕಾಲಿನ ಪೆಟ್ಟು. ಹೀಗೆ 12 ಸಲ. ಹದಿಮೂರನೇದು:

ಹೋ...ಯ್!

ಹಿಡಿದರೆ 'ಬಿದ್ದ ಬಿದ್ದ — ಬಿದ್ದ ನೋಡೋ!' ಅನ್ನಿ. ತಪ್ಪಿಸಿಕೊಂಡರೆ ಹುಡುಗರು ತಲೆ ತಗ್ಗಿಸಿರುತ್ತಾರೆ, ಆಗ ಮೆತ್ತಗೆ 'ಹೋಗ್ಲಿ ಬಿಡು — ಮುಂದೆ ಹಿಡಿ' ಅನ್ನಿ. ಅಷ್ಟೇ ಹೇಳಿ ನಿಲ್ಲಿಸಿ.

ಮೊದಲ ಪಾಲಿನಲ್ಲಿ ಒಬ್ಬ ಹೇಳುವ ಮಾತು ಅದೇ ಆಗಬೇಕಿಲ್ಲ. ಕಂಡದ್ದನ್ನು ಹೇಳಲಿ. ರೈಡರ್ ಕಾಲು ಚಾಚಿದರೆ 'ಕಾಲು ಚಾಚ್ದ', ಹಿಂದೆ ಸರಿದರೆ 'ಹಿಂದೆ ಹೋದ'. ಎಲ್ಲವೂ ಮೂರು ಮೂರು ಮಾತ್ರೆ. ಉತ್ತರ ಬದಲಾಗುವುದಿಲ್ಲ, ಹಾಗಾಗಿ 120 ಜನ ತಪ್ಪುವುದಿಲ್ಲ.

ಈ 'ಹಿಡಿ' ಇಕಾರದಲ್ಲಿ ಮುಗಿಯುತ್ತೆ, ನಾನೇ ಹೇಳಿದ ಮಾತು ಮುರಿದ ಹಾಗಾಯಿತು. ಆದರೆ ಇಲ್ಲಿ ಎಳೆಯುವುದು ಬೇಡ, ಏಟಿನ ಹಾಗೆ ಬೀಳಬೇಕು. ಎಳೆಯುವ ಸ್ವರವನ್ನು ಕೊನೆಯ 'ಹೋಯ್'ಗೆ ಇಟ್ಟಿದ್ದೇನೆ.

ಬೀಟ್ ಬಾಸ್ · ಬುಧವಾರ ಸಂಜೆ 5:30

ಒಪ್ಪಿದೆ ಅಕ್ಕ. ನಡೆ ಒಂದೇ ಇದ್ದೂ ಏರಿದ ಹಾಗೆ ಕೇಳುತ್ತೆ, ಮೇಜಿನ ಮೇಲೆ ಬಡಿದು ನೋಡಿದೆ. ಆದರೆ ಕೊನೆಯ 12 ಹಿಡಿಯಲ್ಲಿ ವೇಗ ತಾನಾಗಿ ಏರುತ್ತೆ, ಯಾರು ತಡೆದರೂ ನಿಲ್ಲುವುದಿಲ್ಲ. ನೋಡುತ್ತಿರಿ.

ಗ್ಯಾಲರಿ ಹುಡುಗ · ಶನಿವಾರ ರಾತ್ರಿ 8:45

ಇವತ್ತು ಪಕ್ಕದ ಕಾಲೇಜಿನ ಜೊತೆ ಅಭ್ಯಾಸದ ಪಂದ್ಯ ಆಯಿತು. ನಮ್ಮ ಮೈದಾನದಲ್ಲೇ, ಮಣ್ಣಿನ ಕೋರ್ಟು. ಕೂಗಲು 70 ಜನ ಸಿಕ್ಕರು. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

'ಮೈ' ಘೋಷಣೆ ಅದ್ಭುತವಾಗಿ ಬಂತು. ಕಾಲಿನ ಪೆಟ್ಟಿಗೆ ಮೆಟ್ಟಿಲು ಅದುರಿತು.

ಮೊದಲ ಅರ್ಧದಲ್ಲಿ ಎದುರಿನವರಿಗೆ ಎರಡು ಥರ್ಡ್ ರೈಡ್ ಬಂತು. ಮೊದಲನೇದರಲ್ಲಿ ನಾನೇ ತಪ್ಪಿದೆ. ಎರಡು ಖಾಲಿ ರೈಡ್ ಆಗಿದೆ ಅಂತ ಎಣಿಸುವುದು ಮರೆತು ಹೋಯಿತು, ಗೊತ್ತಾಗುವಷ್ಟರಲ್ಲಿ ರೈಡರ್ ಒಳಗಿದ್ದ. ಎರಡನೇ ಪಾಲಿಗೆ ಬಂದಾಗ ಅವನು ಬೋನಸ್ ತೆಗೆದುಕೊಂಡು ಹೋಗಿದ್ದ. ಎರಡನೇದರಲ್ಲಿ ಒಬ್ಬ ಗೆಳೆಯನನ್ನು ಬರೀ ಎಣಿಸುವುದಕ್ಕೇ ಪಕ್ಕದಲ್ಲಿ ನಿಲ್ಲಿಸಿದೆ. ಖಾಲಿ ರೈಡಿಗೆ ಒಂದು ಬೆರಳು, ಎರಡಾದರೆ ಎರಡು ಬೆರಳು ಮೇಲೆ. ಆಗ ಎಲ್ಲರೂ ಮೊದಲೇ ಎದ್ದು ನಿಂತರು. ರೈಡರ್ ಗೆರೆ ದಾಟುವಾಗ 'ಬಂದ ಬಂದ' ಶುರು. ಮೂರನೇ ಪಾಲಿನಲ್ಲಿ ಆರನೇ ಏಳನೇ 'ಹಿಡಿ' ಇರಬೇಕು, ಅವನು ಎಡಗಡೆ ನುಗ್ಗಿದ. ನಮ್ಮ ಎಡ ಕಾರ್ನರ್ ಹಿಮ್ಮಡಿ ಹಿಡಿದ, ಕವರ್ ಬಂದು ಬಿದ್ದ. 'ಹೋಯ್' ಹೇಳುವುದೇ ಮರೆತು ಎಲ್ಲರೂ ಕುಣಿದೆವು.

ಬೀಟ್ ಬಾಸ್ ಹೇಳಿದ್ದು ನಿಜವೂ ಆಯಿತು. ಫೋನಿನಲ್ಲಿ ತೆಗೆದದ್ದನ್ನು ಆಮೇಲೆ ಕೇಳಿದೆ, ಕೊನೆಯಲ್ಲಿ ವೇಗ ಏರಿದೆ. ಆದರೆ ನಾನು ನಡುವಿನಲ್ಲಿ ನಿಂತು ಕೈ ಎತ್ತಿದ್ದಕ್ಕೋ ಏನೋ, ಚೆದುರಿಲ್ಲ, ಎಲ್ಲರೂ ಒಟ್ಟಿಗೇ ಏರಿದ್ದಾರೆ.

ಇನ್ನೊಂದು ತೊಂದರೆ. ನನ್ನ ಗಂಟಲು ಎರಡನೇ ಅರ್ಧಕ್ಕೆ ಕಟ್ಟಿತು. ಒಬ್ಬನೇ ಹೇಳುವ ಸಾಲು ಹಿಂದಿನವರಿಗೆ ಮುಟ್ಟಲಿಲ್ಲ.

ಹೊಸನಗರದ ಕವರ್ · ಶನಿವಾರ ರಾತ್ರಿ 9:20

ತುಂಬಾ ಖುಷಿ ಆಯಿತು. ನಿಮ್ಮ ಕವರ್ ಹತ್ತಿರ ಒಂದು ಮಾತು ಕೇಳಿ ಹೇಳ್ತೀರಾ? ಅವನು ನುಗ್ಗಿದ್ದು ಕಾರ್ನರ್ ಕರೆದದ್ದು ಕೇಳಿಯೋ, ಕಣ್ಣಲ್ಲಿ ನೋಡಿಯೋ?

ಗ್ಯಾಲರಿ ಹುಡುಗ · ಶನಿವಾರ ರಾತ್ರಿ 9:48

ಈಗ ಫೋನ್ ಮಾಡಿ ಕೇಳಿದೆ. ಏನೂ ಕೇಳಿಸಲಿಲ್ಲ, ರೈಡರ್ ಸೊಂಟ ತಿರುಗಿದ್ದು ನೋಡಿ ಹೋದೆ ಅಂದ. ಆದರೆ ಎಡ ಕಾರ್ನರ್ ಬೇರೆ ಹೇಳುತ್ತಾನೆ. ಅವನಿಗೆ ನಮ್ಮ ಕೂಗಿನಿಂದ ಒಂದು ರೈಡಿನಲ್ಲಿ ಕಷ್ಟ ಆಯಿತಂತೆ. ಮೂರು ಜನ ಉಳಿದಾಗ ಮಾತು ನಿಲ್ಲಿಸಿ ಬರೀ ಚಪ್ಪಾಳೆ ಅಂತ ಹೇಳಿದ್ದೆ. ಆ ಹೊತ್ತಿಗೆ ಅರ್ಧ ಜನ ಮರೆತರು.

ನಿವೃತ್ತ ಪಿ.ಟಿ. ಮೇಷ್ಟ್ರು · ಭಾನುವಾರ ಬೆಳಿಗ್ಗೆ 7:00

ಆ ಹುಡುಗನ ಮಾತು ಕೇಳು. ಕವರ್ ಮಾತಿಗಿಂತ ಕಾರ್ನರ್ ಮಾತು ದೊಡ್ಡದು. ಹೊಸನಗರದ ಮಗು, ನೀನು ಹೇಳಿದ್ದನ್ನು ನಾನು ಇನ್ನೂ ಯೋಚಿಸುತ್ತಿದ್ದೇನೆ. ನಮ್ಮ ಕಾಲದಲ್ಲಿ ಬಯಲಿನ ಮಣ್ಣಿನ ಕೋರ್ಟು, ಸದ್ದು ಹಾರಿ ಹೋಗುತ್ತಿತ್ತು. ಈಗಿನ ತಗಡಿನ ಛಾವಣಿ ಕೆಳಗೆ ಹೇಗೋ ಆಡಿ ನೋಡಿದವರೇ ಹೇಳಬೇಕು.

ಸಾಗರದ ಡೊಳ್ಳು · ಭಾನುವಾರ ಬೆಳಿಗ್ಗೆ 7:40

ಗಂಟಲಿಗೆ ಹೇಳುತ್ತೇನೆ. ಒಬ್ಬನೇ ಹೇಳುವ ಸಾಲನ್ನು ನಾಲ್ಕು ಜನ ಹೇಳಿ. ನೀನು ನಡುವಿನಲ್ಲಿ, ನಿನ್ನ ಎಡಬಲಕ್ಕೆ ಒಬ್ಬೊಬ್ಬ, ಹಿಂದಿನ ಸಾಲಿನಲ್ಲಿ ಒಬ್ಬ. ಅವರು ನಿನ್ನ ಬಾಯಿ ನೋಡಿ ಹೇಳಬೇಕು, ಕೇಳಿ ಹೇಳಿದರೆ ತಡ ಆಗುತ್ತೆ. ಕಂಡದ್ದನ್ನು ಹೇಳುವ ಆಟ ಹಾಗಾದರೆ ಬಿಡಬೇಕಾಗುತ್ತೆ, ನಾಲ್ಕು ಸಾಲು ಬರೆದ ಹಾಗೇ ಇರಲಿ. ಗಂಟಲು ಉಳಿಯಬೇಕೋ, ಕಂಡದ್ದು ಹೇಳಬೇಕೋ, ನೀನೇ ನೋಡಿಕೋ.

ಮೂರು ಜನ ಉಳಿದದ್ದಕ್ಕೆ ಮಾತಿನ ಸೂಚನೆ ಬೇಡ. ಎರಡೂ ಕೈ ತಲೆ ಮೇಲೆ ಜೋಡಿಸಿ ಹಿಡಿ. ಅದು ಕಂಡ ಕೂಡಲೇ ಬಾಯಿ ಬಂದ್ ಅಂತ ಒಂದು ಹತ್ತು ಸಲ ಅಭ್ಯಾಸ ಮಾಡಿಸು. ಇನ್ನು ಡೊಳ್ಳು ತರಲಾ ಅಂತ ನಿಮ್ಮ ಕ್ಯಾಪ್ಟನ್ ನನ್ನನ್ನು ಕೇಳಿದ್ದಾನೆ. ಒಳಾಂಗಣ ಆದರೆ ನಾನು ತರುವುದಿಲ್ಲ. ಡೊಳ್ಳಿನ ಮುಂದೆ ಅಂಪೈರಿನ ಸೀಟಿ ಕೇಳಿಸುವುದಿಲ್ಲ. ಬಯಲಾದರೆ ತಂಡ ಇಳಿಯುವಾಗ ಒಂದು ಸಲ ಬಾರಿಸಿ ಇಟ್ಟುಬಿಡುತ್ತೇನೆ.

ಗ್ಯಾಲರಿ ಹುಡುಗ · ಭಾನುವಾರ ಬೆಳಿಗ್ಗೆ 8:10

ಅಣ್ಣ, ಕೋರ್ಟು ಒಳಗೋ ಹೊರಗೋ ಅಂತ ನಾಳೆ ವಿಚಾರಿಸಿ ಇಲ್ಲೇ ಹಾಕುತ್ತೇನೆ. ಮಳೆ ನೋಡಿದರೆ ಒಳಗೇ ಮಾಡಬಹುದು. ನಾಲ್ಕು ಜನ ಸಿಕ್ಕಿದ್ದಾರೆ, ಇವತ್ತು ಸಂಜೆ ನಾಲ್ಕಕ್ಕೆ ಅವರಿಗೆ ಬಾಯಿ ನೋಡಿ ಹೇಳುವ ಅಭ್ಯಾಸ. 'ಸುತ್ತ — ತಡಿ' ಹತ್ತಿರ ಇಬ್ಬರು ಇನ್ನೂ 'ಹಿಡಿ' ಅನ್ನುತ್ತಿದ್ದಾರೆ, ಮೊದಲು ಅದನ್ನು ಸರಿ ಮಾಡಬೇಕು.